‘ನೋ ವೇ’, ‘ಸೀರಿಯಸ್ಲಿ’, ‘ಯು ಆರ್ ಕಿಡಿಂಗ್’: ಇವಕ್ಕೆ ನಮ್ಮ ಮಾತಿನಲ್ಲಿ ಏನು ಹೇಳುತ್ತೀರಿ?

ಮಡಿಕೇರಿ ಮಂಜು

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ವಾರ್ಷಿಕೋತ್ಸವಕ್ಕೆ ಎಂಟನೇ ಕ್ಲಾಸಿನ ಮಕ್ಕಳಿಂದ 12 ನಿಮಿಷದ ಒಂದು ಸಣ್ಣ ನಾಟಕ ಮಾಡಿಸುತ್ತಿದ್ದೇನೆ. ಮೂಲ ಇಂಗ್ಲಿಷಿನಲ್ಲಿದೆ. ಕಥೆಯನ್ನು ನಮ್ಮ ಕಡೆಗೆ ಹೊಂದಿಸಿಕೊಂಡು ಕನ್ನಡಕ್ಕೆ ತರುತ್ತಿದ್ದೇನೆ. ಕಥೆ ಸುಲಭವಾಗಿ ಬಂತು, ಆದರೆ ಆಶ್ಚರ್ಯದ ಮಾತುಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

‘ನೋ ವೇ’ ಅನ್ನುವುದು ನಾಲ್ಕು ಕಡೆ ಬರುತ್ತದೆ. ಮೊದಲನೆಯದು, ತಂಗಿ ಓಡಿ ಬಂದು "ನಾನು ಜಿಲ್ಲಾ ಟೀಮಿಗೆ ಸೆಲೆಕ್ಟ್ ಆದೆ" ಅಂದಾಗ ಅಣ್ಣ ಹೇಳುವುದು. ಎರಡನೆಯದು, ಆನೆ ಬಂದು ಪಂಪ್ ಶೆಡ್ ಮುರಿದು ಹಾಕಿದೆ ಎಂದು ಕೇಳಿದಾಗ ಪಕ್ಕದ ಮನೆಯ ಮಾವ ಹೇಳುವುದು. ಮೂರನೆಯದು, ದೊಡ್ಡಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಫೋನ್ ಬಂದಾಗ ಅಮ್ಮ ಹೇಳುವುದು. ನಾಲ್ಕನೆಯದು, ಹಳೇ ಜೀಪ್ ಮಾರೋಣ ಎಂದು ಅಪ್ಪ ಕೇಳಿದಾಗ ಅಜ್ಜ ಹೇಳುವುದು.

ನಾನು ನಾಲ್ಕಕ್ಕೂ "ಸಾಧ್ಯವೇ ಇಲ್ಲ!" ಎಂದು ಬರೆದಿದ್ದೆ. ಮೊದಲ ಪ್ರಾಕ್ಟೀಸಿನಲ್ಲೇ ಒಬ್ಬ ಹುಡುಗಿ ಕೇಳಿದಳು, "ಟೀಚರ್, ಅಣ್ಣನಿಗೆ ತಂಗಿ ಮೇಲೆ ಕೋಪನಾ?" ಅಂತ. ಅವಳು ಕೇಳಿದ ಮೇಲೆ ನನಗೂ ಹಾಗೇ ಕೇಳಿಸುತ್ತಿದೆ. ಇನ್ನು ‘ಸೀರಿಯಸ್ಲಿ’ಗೆ "ಗಂಭೀರವಾಗಿಯಾ?" ಎಂದು ಬರೆದದ್ದನ್ನು ಆಗಲೇ ಅಳಿಸಿದ್ದೇನೆ. ‘ಯು ಆರ್ ಕಿಡಿಂಗ್’ಗೆ "ನೀನು ತಮಾಷೆ ಮಾಡುತ್ತಿದ್ದೀಯ" ಎಂದಿದೆ, ಅದೂ ಯಾಕೋ ಕೂರುತ್ತಿಲ್ಲ.

ನೀವು ಮನೆಯಲ್ಲಿ ನಿಜವಾಗಿ ಏನು ಹೇಳುತ್ತೀರಿ? ನಿಘಂಟಿನ ಅರ್ಥ ಬೇಡ, ಬಾಯಲ್ಲಿ ಬರುವ ಮಾತು ಬೇಕು.

ಸಂಪಾಜೆ ಘಾಟಿ

ಇದಕ್ಕೆ ಇಷ್ಟು ಯೋಚನೆ ಯಾಕೆ? ನಮ್ಮ ಕಡೆ ಒಂದೇ ಮಾತು, "ಹೌದಾ ಮಾರಾಯ?" ಗಂಡಿಗೆ ಮಾರಾಯ, ಹೆಣ್ಣಿಗೆ ಮಾರಾಯ್ತಿ, ದೊಡ್ಡವರಿಗೆ ಮಾರಾಯ್ರೆ. ಆನೆ ಬಂದರೂ ಅದೇ, ಸೆಲೆಕ್ಟ್ ಆದರೂ ಅದೇ. ನಾಲ್ಕು ಕಡೆಯೂ ಅದನ್ನೇ ಹಾಕಿ, ಸುಳ್ಯದವರೆಗೂ ಎಲ್ಲರಿಗೂ ಅರ್ಥ ಆಗುತ್ತದೆ.

ಕುಶಾಲನಗರ ಹುಡುಗ

ಮೇಡಂ, ಎಂಟನೇ ಕ್ಲಾಸಿನ ಮಕ್ಕಳು ನಿಜವಾಗಿ ಹೇಳುವುದು "ಸೀರಿಯಸ್ಸಾ?" ಅಂತಲೇ. ನಮ್ಮ ಕ್ರಿಕೆಟ್ ಗ್ರೂಪಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. "ಚಾನ್ಸೇ ಇಲ್ಲ ಗುರು" ಅಂತಲೂ ಹೇಳುತ್ತೇವೆ. ಅದನ್ನೇ ಇಟ್ಟರೆ ಏನು ತಪ್ಪು? ಮಕ್ಕಳ ನಾಟಕ, ಮಕ್ಕಳ ಮಾತು.

ಏಲಕ್ಕಿ ಮನೆ

ನಾನು ಕಕ್ಕಬ್ಬೆ ಕಡೆ ಹೋಮ್‌ಸ್ಟೇ ನಡೆಸುತ್ತೇನೆ. ನನಗೂ ಈ ‘ನೋ ವೇ’ ಕಾಟ ಕೊಟ್ಟಿದೆ. ಒಮ್ಮೆ ಬಂದ ಗೆಸ್ಟ್ ಒಬ್ಬರಿಗೆ ಬೆಳಗ್ಗೆ ನಾಲ್ಕೂವರೆಗೆ ಎದ್ದು ಹೊರಟರೆ ತಡಿಯಂಡಮೋಳ್ ಹತ್ತಬಹುದು, ಮೇಲಿನಿಂದ ಮಂಜು ಕೆಳಗೆ ಕಾಣುತ್ತದೆ ಎಂದು ಹೇಳಿದೆ. ಅವರು ಕಣ್ಣು ಅರಳಿಸಿ "ನೋ ವೇ!" ಅಂದರು. ಬರುವುದಿಲ್ಲ ಅಂತ ಹೇಳಿದರು ಎಂದುಕೊಂಡು ನಾನು ಜೀಪಿನವನಿಗೆ ಬೇಡ ಅಂದುಬಿಟ್ಟೆ. ಬೆಳಗ್ಗೆ ನೋಡಿದರೆ ಅವರು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಆವತ್ತು ತುಂಬಾ ಬೇಜಾರಾಯಿತು. ಹಾಗಾಗಿ ಗೆಸ್ಟ್‌ಗಳಿಗೆ ಇಂಗ್ಲಿಷಿನಲ್ಲಿ ಏನು ಉತ್ತರ ಕೊಡಬೇಕು ಎಂದು ಯಾರಾದರೂ ಬರೆದರೆ ನನಗೂ ಉಪಯೋಗ.

ಮಡಿಕೇರಿ ಮಂಜು

ಏಲಕ್ಕಿ ಮನೆ ಅಕ್ಕ, ನನ್ನ ಪ್ರಶ್ನೆ ಉಲ್ಟಾ. ಇಂಗ್ಲಿಷಿನದ್ದು ಕನ್ನಡದಲ್ಲಿ ಹೇಗೆ ಅಂತ. ಆದರೆ ನಿಮ್ಮ ಅನುಭವ ನನ್ನ ತೊಂದರೆಯನ್ನೇ ತೋರಿಸುತ್ತದೆ ಅಲ್ವಾ? ಒಂದೇ ಮಾತು, ಒಮ್ಮೆ ಆಶ್ಚರ್ಯ, ಒಮ್ಮೆ ‘ಆಗಲ್ಲ’.

ಘಾಟಿ ಅಣ್ಣ, ಅಮ್ಮನಿಗೆ ಆಸ್ಪತ್ರೆಯಿಂದ ಫೋನ್ ಬಂದಾಗಲೂ ಹೌದಾ ಮಾರಾಯ ಅಂದರೆ ಹೇಗೆ?

ಸೋಮವಾರಪೇಟೆ ಮೇಷ್ಟ್ರು

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. "ಸಾಧ್ಯವೇ ಇಲ್ಲ" ಅಂದರೆ ಕನ್ನಡದಲ್ಲಿ ಅದು ಆಶ್ಚರ್ಯ ಆಗುವುದಿಲ್ಲ, ವಾದ ಆಗುತ್ತದೆ. ನೀನು ಹೇಳಿದ್ದು ನಡೆದಿಲ್ಲ, ನಡೆಯುವುದೂ ಇಲ್ಲ ಎಂದು ಎದುರಾಡಿದ ಹಾಗೆ. ಸೆಲೆಕ್ಟ್ ಆದ ತಂಗಿಗೆ ಅಣ್ಣ ಹಾಗೆ ಅಂದರೆ ನಿನ್ನ ಕೈಲಿ ಆಗುವ ಕೆಲಸವಲ್ಲ ಎಂದೇ ಕೇಳಿಸುತ್ತದೆ. ಕುಶಾಲನಗರದ ಹುಡುಗ ಹೇಳಿದ "ಚಾನ್ಸೇ ಇಲ್ಲ" ಕೂಡ ಇದೇ ಜಾತಿಯದು. ಗೆಳೆಯರ ನಡುವೆ ನಗುತ್ತಾ ಹೇಳಿದರೆ ನಡೆಯುತ್ತದೆ. ಸ್ಟೇಜಿನ ಮೇಲೆ ಮಗು ಮುಖ ಬಿಗಿದು ಹೇಳಿದರೆ ಮತ್ತೆ ಕೋಪವೇ.

ನಮ್ಮ ಮಾತಿನಲ್ಲಿ ಆಶ್ಚರ್ಯ ತೋರಿಸುವ ಮೊದಲ ದಾರಿ ಬೇರೆ. ಕೇಳಿದ ಮಾತಿನಲ್ಲೇ ಒಂದು ಪದ ಹೆಕ್ಕಿಕೊಂಡು, ಕೊನೆಗೆ ‘ಆ’ ಸೇರಿಸಿ, ಹೇಳಿದವರಿಗೇ ವಾಪಸ್ ಕೊಡುತ್ತೇವೆ. "ಬಸ್ಸು ಹೋಯ್ತು" ಅಂದರೆ "ಹೋಯ್ತಾ?" "ಮದುವೆ ನಿಂತುಹೋಯ್ತಂತೆ" ಅಂದರೆ "ನಿಂತುಹೋಯ್ತಾ?" ನೀವು ಇವತ್ತು ಸಂಜೆ ಮನೆಯಲ್ಲಿ ಸುಮ್ಮನೆ ಕಿವಿ ಕೊಟ್ಟು ಕೂತುಕೊಳ್ಳಿ, ಇದು ಎಷ್ಟು ಸಲ ಬರುತ್ತದೆ ಎಂದು ನೋಡಿ.

ಆದರೆ ಯಾವ ಪದವನ್ನು ಹೆಕ್ಕುತ್ತೀರಿ ಅನ್ನುವುದರ ಮೇಲೆ ಭಾವನೆಯೇ ಬದಲಾಗುತ್ತದೆ. ನಿಮ್ಮ ಸಾಲನ್ನೇ ತೆಗೆದುಕೊಳ್ಳೋಣ, "ನಾನು ಜಿಲ್ಲಾ ಟೀಮಿಗೆ ಸೆಲೆಕ್ಟ್ ಆದೆ." ಇದಕ್ಕೆ ಅಣ್ಣ "ನೀನಾ?" ಅಂದರೆ ಅವನಿಗೆ ತಂಗಿಯ ಮೇಲೆ ನಂಬಿಕೆ ಇಲ್ಲ. "ಜಿಲ್ಲಾ ಟೀಮಿಗಾ?" ಅಂದರೆ ಶಾಲೆ ಟೀಮ್ ಇರಬಹುದು ಅಂದುಕೊಂಡಿದ್ದ, ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ, ಹೆಮ್ಮೆ ಆಗಿದೆ. "ಸೆಲೆಕ್ಟ್ ಆದ್ಯಾ?" ಅಂದರೆ ಅವನೂ ಬೆಳಗ್ಗೆಯಿಂದ ಅದನ್ನೇ ಕಾಯುತ್ತಿದ್ದ. ಮೂರೂ ಆಶ್ಚರ್ಯವೇ, ಆದರೆ ಮೂರು ಬೇರೆ ಅಣ್ಣಂದಿರು. ನಿಮ್ಮ ನಾಟಕದ ಅಣ್ಣ ಯಾರು ಎಂದು ನೀವು ಮೊದಲು ತೀರ್ಮಾನ ಮಾಡಬೇಕು, ಆಮೇಲೆ ಮಾತು ತಾನಾಗಿ ಬರುತ್ತದೆ.

ಇನ್ನೊಂದು ಗಮನಿಸಿ. ಅವಳು "ಆದೆ" ಅಂದಳು, ಇವನು "ಆದ್ಯಾ" ಅಂದ. ‘ನಾನು’ ಇದ್ದದ್ದು ‘ನೀನು’ ಆಗಿ ತಿರುಗಿತು. ಹಿರಿಯರು ಹೇಳಿದ ಸುದ್ದಿಯಾದರೆ "ಆದ್ರಾ?" ಆಗುತ್ತದೆ. ಮಕ್ಕಳು ಬರೆದದ್ದನ್ನು ಬಾಯಿಪಾಠ ಮಾಡುವಾಗ ಇಲ್ಲೇ ತಪ್ಪುತ್ತಾರೆ, "ಸೆಲೆಕ್ಟ್ ಆದೆಯಾ" ಎಂದು ಪೂರ್ತಿ ಬಿಡಿಸಿ ಹೇಳುತ್ತಾರೆ. ಹಾಗೆ ಹೇಳಿದರೆ ಪರೀಕ್ಷೆಯ ಪ್ರಶ್ನೆ ಥರ ಕೇಳುತ್ತದೆ.

ಪೊನ್ನಂಪೇಟೆ ಸೊಸೆ

ಮೇಷ್ಟ್ರೇ, ನೀವು ಹೇಳಿದ್ದು ಓದಿ ಖುಷಿ ಆಯಿತು. ನಾನು ಧಾರವಾಡದವಳು, ಮದುವೆಯಾಗಿ ಇಲ್ಲಿಗೆ ಬಂದು ಆರು ವರ್ಷ. ನಮ್ಮ ಕಡೆ ‘ಆ’ ಬದಲು ‘ಏನ’ ಬರುತ್ತದೆ. "ಹೌದೇನ?" "ಬಂದಾನೇನ?" ಅಂತ. ನಿಜವಾಗ್ಲೂ ಅನ್ನುವುದಕ್ಕೆ "ಖರೇನ?" ಮೊದಲ ವರ್ಷ ನಾನು ಅತ್ತೆ ಹೇಳಿದ ಸುದ್ದಿಗೆಲ್ಲ "ಖರೇನ ಅತ್ತಿ?" ಅನ್ನುತ್ತಿದ್ದೆ, ಅವರಿಗೆ ನಾನು ಅವರ ಮಾತನ್ನು ಪರೀಕ್ಷೆ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತಂತೆ. ಅವರ ಮನೆಮಾತು ಕೊಡವ ತಕ್ಕ್, ನಾವಿಬ್ಬರೂ ಮಾತಾಡುವುದು ಕನ್ನಡದಲ್ಲಿ. ಈಗ "ಹೌದಾ ಅತ್ತೆ?" ಅನ್ನುತ್ತೇನೆ. ‘ಅತ್ತೆ’ ಅಂತ ಸೇರಿಸಿದರೆ ಅದೇ ‘ಹೌದಾ’ ಮೆತ್ತಗಾಗುತ್ತದೆ.

ಒಂದು ಅನುಮಾನ ಇದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಹಾಕಿ ಹಬ್ಬ ಆದಾಗ ತವರಿಗೆ ಫೋನ್ ಮಾಡಿ, 360 ಕುಟುಂಬಗಳು ಟೀಮ್ ಕಟ್ಟಿಕೊಂಡು ಆಡುತ್ತಿವೆ ಎಂದು ಹೇಳಿದೆ. ಅಪ್ಪ "ಮುನ್ನೂರಾ ಅರವತ್ತ?" ಅಂದರು. ತಮ್ಮ "ಕುಟುಂಬದ ಟೀಮೇನ?" ಅಂದ. ಆಗ ಇಬ್ಬರಿಗೂ ಒಂದೇ ಸುದ್ದಿ ಹೇಳಿದರೂ ಬೇರೆ ಬೇರೆ ಉತ್ತರ ಬಂತಲ್ಲ ಅನ್ನಿಸಿತ್ತು. ನೀವು ಹೇಳುವುದು ಇದನ್ನೇ ಅಲ್ವಾ? ಅಪ್ಪನಿಗೆ ಲೆಕ್ಕ ದೊಡ್ಡದು ಅನ್ನಿಸಿತು, ತಮ್ಮನಿಗೆ ಮನೆತನದವರೇ ಸೇರಿ ಟೀಮ್ ಆಗುವುದು ಹೊಸದು.

ಸೋಮವಾರಪೇಟೆ ಮೇಷ್ಟ್ರು

ಅದನ್ನೇ ಹೇಳಿದ್ದು ತಾಯಿ. ನನಗಿಂತ ಚೆನ್ನಾಗಿ ತೋರಿಸಿದಿರಿ. ಎಲ್ಲಿ ಬೆರಗು ಇದೆಯೋ ಆ ಪದಕ್ಕೇ ಪ್ರಶ್ನೆ ಅಂಟುತ್ತದೆ. ಇಂಗ್ಲಿಷಿನ ‘ನೋ ವೇ’ಯಲ್ಲಿ ಈ ಸೌಲಭ್ಯ ಇಲ್ಲ, ಅದು ಇಡೀ ಸುದ್ದಿಗೆ ಒಂದೇ ಸಲ ಬೀಳುವ ಮಾತು. ಹಾಗಾಗಿ ಅದಕ್ಕೆ ಸಮನಾದ ಒಂದು ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ.

ಸಂಪಾಜೆ ಘಾಟಿ

ಹಾಗಾದರೆ ‘ಹೌದಾ’ ಬೇಡವೇ? ನಮ್ಮ ಪಕ್ಕದ ಹವ್ಯಕರ ಮನೆಯಲ್ಲಿ "ಅಪ್ಪಾ?" ಅನ್ನುತ್ತಾರೆ. ಚಿಕ್ಕವನಿದ್ದಾಗ ನಾನು ಅವರ ತಂದೆಯನ್ನು ಕರೆಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ.

ಸೋಮವಾರಪೇಟೆ ಮೇಷ್ಟ್ರು

‘ಹೌದಾ’ ಖಂಡಿತ ಬೇಕು. ಅದೂ ‘ಆ’ ಸೇರಿದ್ದೇ, ಹೌದು ಮತ್ತು ಆ. ನಿಮ್ಮ ಹವ್ಯಕರ ‘ಅಪ್ಪು’, ಹಳೆಯ ಕನ್ನಡದ ‘ಅಪ್ಪುದು’, ನಮ್ಮ ‘ಹೌದು’ ಎಲ್ಲ ಒಂದೇ ಬೇರಿನವು. ಅವರು ಹಳೆಯ ‘ಪ’ ಉಳಿಸಿಕೊಂಡರು, ನಮ್ಮಲ್ಲಿ ಅದು ‘ಹ’ ಆಯಿತು.

ತೊಂದರೆ ಇರುವುದು ಧ್ವನಿಯಲ್ಲಿ. ಕೊನೆಗೆ ಏರಿಸಿ ಎಳೆದು "ಹೌದಾಆ?" ಅಂದರೆ ಆಶ್ಚರ್ಯ. ಇಳಿಸಿ ಚಿಕ್ಕದಾಗಿ "ಹೌದಾ" ಅಂದರೆ ಸರಿ ಮುಂದೆ ಹೇಳು ಅಂತ, ಕೆಲವೊಮ್ಮೆ ನನಗೆ ಆಸಕ್ತಿ ಇಲ್ಲ ಅಂತಲೂ. ಮಕ್ಕಳು ಸ್ಟೇಜಿನ ಮೇಲೆ ಹೆದರಿದಾಗ ಧ್ವನಿ ಕೊನೆಗೆ ಬಿದ್ದುಹೋಗುತ್ತದೆ, ಆಗ ಬೆರಗು ಹೋಗಿ ಉದಾಸೀನ ಉಳಿಯುತ್ತದೆ. ಅದಕ್ಕೆ ಬರೀ ‘ಹೌದಾ’ ಕೊಡಬೇಡಿ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಇಡಿ. "ಹೌದಾ? ಯಾವಾಗ ಹೇಳಿದ್ರು?" ಎರಡನೆಯ ಪ್ರಶ್ನೆ ಬರುವುದು ಗೊತ್ತಿದ್ದರೆ ಮಗು ಮೊದಲನೆಯದನ್ನು ತಾನಾಗಿ ಏರಿಸಿಯೇ ಹೇಳುತ್ತದೆ.

‘ಮಾರಾಯ’ ಬಗ್ಗೆ ಒಂದು ಮಾತು. ಅದು ಸಲಿಗೆ ತರುತ್ತದೆ, ಆಶ್ಚರ್ಯವನ್ನಲ್ಲ. "ಬಾ ಮಾರಾಯ", "ಸಾಕು ಮಾರಾಯ" ಎಂದು ಆಶ್ಚರ್ಯವೇ ಇಲ್ಲದ ಕಡೆಯೂ ಬರುತ್ತದೆ ಅಲ್ಲವೇ? ಆನೆಯ ದೃಶ್ಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಆಸ್ಪತ್ರೆಯ ದೃಶ್ಯಕ್ಕೆ ಬೇಡ.

ಸಂಪಾಜೆ ಘಾಟಿ

ಅದು ಸರಿ. ನಮ್ಮಲ್ಲೂ ಕೆಟ್ಟ ಸುದ್ದಿಗೆ ಹಾಗೆ ಹೇಳುವುದಿಲ್ಲ. "ಅಯ್ಯೋ ದೇವರೇ, ಎಂಥ ಆಯ್ತು?" ಅನ್ನುತ್ತೇವೆ. ಬರೆಯುವಾಗ ಅದು ತಲೆಗೆ ಬರಲಿಲ್ಲ.

ಏಲಕ್ಕಿ ಮನೆ

ಕೆಟ್ಟ ಸುದ್ದಿ ಅಂದಾಗ ನೆನಪಾಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ನಮಗೆ ಒಂದರ ಹಿಂದೆ ಒಂದು ಫೋನ್ ಬರುತ್ತಿತ್ತು. ಆ ರಸ್ತೆ ಇಲ್ಲ, ಈ ಮನೆ ಇಲ್ಲ ಎಂದು. ನಾನು ಒಂದು ಸಲವೂ ನಿಜವಾ ಅಂತ ಕೇಳಲಿಲ್ಲ. "ಅಯ್ಯೋ, ಜನ ಎಲ್ಲಿದಾರೆ? ಎಲ್ಲರೂ ಹೊರಗೆ ಬಂದ್ರಾ?" ಅಂತ ಕೇಳುತ್ತಿದ್ದೆ. ಆ ಹೊತ್ತಿನಲ್ಲಿ ನಂಬಲಿಲ್ಲ ಅಂತ ಹೇಳುವುದಕ್ಕೆ ಬಾಯಿ ಬರುವುದಿಲ್ಲ, ಜನ ಹೇಗಿದ್ದಾರೆ ಎಂದು ಕೇಳುವುದಕ್ಕೆ ಬರುತ್ತದೆ. ಮಂಜು ಅವರ ನಾಟಕದ ಅಮ್ಮನೂ ಹಾಗೇ ಕೇಳಬೇಕು ಅಂತ ನನಗೆ ಅನ್ನಿಸುತ್ತದೆ.

ಮಡಿಕೇರಿ ಮಂಜು

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಮ್ಮನ ಸಾಲು ಈಗಲೇ ಬದಲಾಯಿಸಿದೆ. "ಅಯ್ಯೋ! ಯಾವಾಗ? ಈಗ ಹೇಗಿದಾರೆ?" ಇಷ್ಟೇ. ‘ನೋ ವೇ’ ಪೂರ್ತಿ ಹೋಯಿತು, ಆದರೆ ಅದೇ ಸರಿ.

ಇನ್ನು ‘ಯು ಆರ್ ಕಿಡಿಂಗ್’ ಬಾಕಿ ಇದೆ. ತಂಗಿಯ ಗೆಳತಿ ಹೇಳುವುದು. "ತಮಾಷೆ ಮಾಡ್ತಿದೀಯಾ?" ಅಂದರೆ ಯಾಕೆ ಸರಿ ಬರುತ್ತಿಲ್ಲ?

ಪೊನ್ನಂಪೇಟೆ ಸೊಸೆ

"ತಮಾಷೆ ಮಾಡ್ತಿದೀಯಾ?" ಅಂದರೆ ಬೈಗುಳದ ಮೊದಲ ಸಾಲು ಥರ ಕೇಳುತ್ತದೆ ನನಗೆ. ಅಮ್ಮ ಹೋಮ್‌ವರ್ಕ್ ಮಾಡದ ಮಗನಿಗೆ ಹೇಳುವುದು. ಗೆಳತಿಯರು "ಸುಳ್ಳು!" ಅನ್ನುತ್ತಾರೆ, ನಗುತ್ತಾ.

ಕುಶಾಲನಗರ ಹುಡುಗ

ನಾವು "ಓಳು ಬಿಡಬೇಡ", "ರೀಲು ಬಿಡಬೇಡ" ಅನ್ನುತ್ತೇವೆ. ಹುಡುಗಿಯರಾದರೆ "ಅಯ್ಯೋ ಸುಮ್ನಿರೇ!" ನನ್ನ ಅಕ್ಕ ಅವಳ ಫ್ರೆಂಡ್ ಜೊತೆ ಫೋನಿನಲ್ಲಿ ಇದೊಂದನ್ನೇ ಹೇಳುತ್ತಿರುತ್ತಾಳೆ.

ಸೋಮವಾರಪೇಟೆ ಮೇಷ್ಟ್ರು

ಗೆಳತಿಗೆ ನಾನೂ "ಅಯ್ಯೋ ಸುಮ್ನಿರೇ" ಕೊಡುತ್ತೇನೆ. ಆದರೆ ಎಚ್ಚರ. ಮುಂದಿನ ‘ಅಯ್ಯೋ’ ಮತ್ತು ಹಿಂದಿನ ‘ಏ’ ಎರಡೂ ಇರಬೇಕು. ಅವೆರಡನ್ನೂ ತೆಗೆದು "ಸುಮ್ನಿರು!" ಅಂದರೆ ಬಾಯಿ ಮುಚ್ಚು ಅಂದ ಹಾಗೆ. ಮಕ್ಕಳು ಗಾಬರಿಯಲ್ಲಿ ‘ಅಯ್ಯೋ’ ನುಂಗಿಬಿಡುತ್ತಾರೆ. ಪ್ರಾಕ್ಟೀಸಿನಲ್ಲಿ ‘ಅಯ್ಯೋ’ ಹೇಳುವಾಗ ತಂಗಿಯ ತೋಳಿಗೆ ಮೆಲ್ಲಗೆ ತಟ್ಟಲಿ. ಕೈ ಎದ್ದರೆ ಮಾತೂ ಮರೆಯುವುದಿಲ್ಲ, ಕೇಳುವವರಿಗೂ ಸಲಿಗೆ ಅಂತ ಗೊತ್ತಾಗುತ್ತದೆ.

"ಸುಳ್ಳು!" ಕೂಡ ಒಳ್ಳೆಯದು, ಆದರೆ ಸರಿಸಮಾನರಿಗೆ ಅಥವಾ ಚಿಕ್ಕವರಿಗೆ ಮಾತ್ರ. ಅಜ್ಜಿ ಮೊಮ್ಮಗಳಿಗೆ ಹೇಳಬಹುದು, ಮೊಮ್ಮಗಳು ಅಜ್ಜಿಗೆ ಹೇಳಬಾರದು. ದೊಡ್ಡವರಿಗೆ "ನಿಜವಾಗ್ಲೂನಾ ಅಜ್ಜಿ?" ಅನ್ನುವುದೇ ಸರಿ.

ಕುಶಾಲನಗರ ಹುಡುಗ

ಸರ್, ನಾನು ಹೇಳಿದ "ಸೀರಿಯಸ್ಸಾ?" ಬಗ್ಗೆ ನೀವು ಏನೂ ಹೇಳಲಿಲ್ಲ.

ಸೋಮವಾರಪೇಟೆ ಮೇಷ್ಟ್ರು

ನನಗೆ ಇಷ್ಟವಿಲ್ಲ ಅಂತ ಸುಮ್ಮನಿದ್ದೆ. ಆದರೆ ನೀನು ಕೇಳಿದ್ದರಿಂದ ನ್ಯಾಯವಾಗಿ ಹೇಳುತ್ತೇನೆ. ಇಂಗ್ಲಿಷಿನ ಪದ ತಂದರೂ ನೀವು ಅದಕ್ಕೆ ನಮ್ಮ ‘ಆ’ ಸೇರಿಸಿಯೇ ಹೇಳುತ್ತಿದ್ದೀರಿ. ಪದ ಹೊರಗಿನದು, ಕೇಳುವ ರೀತಿ ಕನ್ನಡದ್ದು. ಅದು ತಪ್ಪು ಅಂತ ಹೇಳಲಾರೆ. ಅಜ್ಜಿಯ ಬಾಯಲ್ಲಿ ಮಾತ್ರ ಬೇಡ.

ಕುಶಾಲನಗರ ಹುಡುಗ

ಅಜ್ಜಿಗೆ ಬೇಡ, ಒಪ್ಪಿದೆ. ಆದರೆ ಇನ್ನೊಂದಿದೆ. ಯಾರಾದರೂ ಅತಿಯಾಗಿ ಮಾಡಿದಾಗ, ಬಸ್ಸಿನಲ್ಲಿ ಸೀಟಿನ ಮೇಲೆ ಕಾಲು ಹಾಕಿ ಕೂತಾಗ, "ಸೀರಿಯಸ್ಲೀ?" ಅನ್ನುತ್ತೇವಲ್ಲ, ಅಲ್ಲಿ ಆಶ್ಚರ್ಯವೂ ಇಲ್ಲ, ಪ್ರಶ್ನೆಯೂ ಇಲ್ಲ. ಅದಕ್ಕೆ ಕನ್ನಡದಲ್ಲಿ ಏನೂ ಇಲ್ಲ ಅಂತ ನನ್ನ ಅಭಿಪ್ರಾಯ.

ಏಲಕ್ಕಿ ಮನೆ

ಯಾಕಿಲ್ಲ? "ಏನಿದು ಹೀಗೆ?" ಅನ್ನುತ್ತೇವೆ. ದೊಡ್ಡವರಾದರೆ "ಇದೇನ್ರೀ ಇದು?" ನಾನು ಗೆಸ್ಟ್‌ಗಳು ಒದ್ದೆ ಶೂ ಹಾಕಿಕೊಂಡು ಹಾಸಿಗೆ ಮೇಲೆ ಕೂತಾಗ ಇದನ್ನೇ ಹೇಳುವುದು.

ಕುಶಾಲನಗರ ಹುಡುಗ

ಅಷ್ಟು ಖಾರ ಇಲ್ಲ ಅದರಲ್ಲಿ. ನನಗೆ ಇನ್ನೂ ಸಮಾಧಾನ ಆಗಲಿಲ್ಲ.

ಪೊನ್ನಂಪೇಟೆ ಸೊಸೆ

ಖಾರ ಪದದಲ್ಲಿ ಇರುವುದಿಲ್ಲ ತಮ್ಮ, ಹೇಳುವವರ ಮುಖದಲ್ಲಿ ಇರುತ್ತದೆ. ನಮ್ಮ ಅತ್ತೆ ಏನೂ ಹೇಳದೆ ಬರೀ "ಹೌದಾ" ಅಂದರೆ ಸಾಕು. ಹಾಗಂತ ಮೊಬೈಲಿನಲ್ಲಿ ಮುಖ ಕಾಣುವುದಿಲ್ಲ, ಅಲ್ಲಿ ಅದೇ ತೊಂದರೆ. ನಾನು ಒಮ್ಮೆ ಅವಸರದಲ್ಲಿ ತಮ್ಮನ ಮೆಸೇಜಿಗೆ "ಹೌದಾ" ಎಂದು ಕಳಿಸಿದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟಿದ್ದ. ಅವನಿಗೆ ಕೆಲಸ ಸಿಕ್ಕಿದ ಸುದ್ದಿ ಅದು. "ಸಿಕ್ತಾ?! ಎಲ್ಲಿ?" ಎಂದು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ.

ಮಡಿಕೇರಿ ಮಂಜು

ಜೀಪಿನ ಅಜ್ಜ ಒಬ್ಬರು ಉಳಿದಿದ್ದಾರೆ. ಅಲ್ಲಿ ಆಶ್ಚರ್ಯ ಇಲ್ಲ, ಪೂರ್ತಿ ನಿರಾಕರಣೆ. ಅಲ್ಲಾದರೂ "ಸಾಧ್ಯವೇ ಇಲ್ಲ" ಇಡಬಹುದಾ?

ಸೋಮವಾರಪೇಟೆ ಮೇಷ್ಟ್ರು

ಇಡಬಹುದು, ತಪ್ಪಿಲ್ಲ. ಆದರೆ ಅಜ್ಜ ಮೀಟಿಂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಮನೆಯಲ್ಲಿ ಹಟ ಹಿಡಿದವರು ಕ್ರಿಯಾಪದವನ್ನೇ ಎರಡು ಸಲ ಹೇಳುತ್ತಾರೆ, ನಡುವೆ ‘ಅಂದ್ರೆ’ ಇಟ್ಟು. "ಕೊಡಲ್ಲ ಅಂದ್ರೆ ಕೊಡಲ್ಲ." ಅಜ್ಜ ಪೇಪರ್ ಓದುತ್ತಾ ತಲೆ ಎತ್ತದೆ ಹೇಳಲಿ.

ಸಂಪಾಜೆ ಘಾಟಿ

ಆ ಜೀಪು ಯಾವ ಮಾಡೆಲ್? ನಮ್ಮ ಮನೆಯಲ್ಲೂ ಒಂದಿದೆ, ಅಪ್ಪ ಮಾರಲು ಬಿಡುವುದಿಲ್ಲ. ನಾಟಕಕ್ಕೆ ಸ್ಟೇರಿಂಗ್ ಬೇಕಾದರೆ ಹೇಳಿ, ಹಳೆಯದು ಅಟ್ಟದಲ್ಲಿದೆ.

ಮಡಿಕೇರಿ ಮಂಜು

ಅಣ್ಣ, ನಿಜವಾಗ್ಲೂ ಕೊಡ್ತೀರಾ? ಖಂಡಿತ ಬೇಕು.

ಇವತ್ತು ಮಧ್ಯಾಹ್ನ ಹೊಸ ಸಾಲುಗಳನ್ನು ಮಕ್ಕಳ ಕೈಗೆ ಕೊಟ್ಟೆ. ಈಗ ಹೀಗಿದೆ.

ತಂಗಿ: ಅಣ್ಣಾ, ಸೆಲೆಕ್ಟ್ ಆದೆ!
ಅಣ್ಣ: ಆದ್ಯಾ? ಜಿಲ್ಲಾ ಟೀಮಿಗಾ?
ತಂಗಿ: ಹೂಂ ಕಣೋ, ನಿನ್ನಾಣೆ!
ಅಜ್ಜಿ: ಹೌದಾ ಮಗಳೇ? ಯಾರು ಹೇಳಿದ್ರು?
ಗೆಳತಿ: ಅಯ್ಯೋ ಸುಮ್ನಿರೇ! ಲಿಸ್ಟಲ್ಲಿ ಹೆಸರು ನೋಡಿದ್ಯಾ?

ಪಕ್ಕದ ಮನೆಯ ಮಾವನಿಗೆ "ಪಂಪ್ ಶೆಡ್ಡಾ? ಎಂಥ ಹೇಳ್ತೀರಿ ಮಾರಾಯ್ರೆ!" ಎಂದು ಕೊಟ್ಟಿದ್ದೇನೆ, ಅದು ಘಾಟಿ ಅಣ್ಣನ ಪಾಲು. ಅಣ್ಣನ ಪಾತ್ರದ ಹುಡುಗ ಮೊದಲ ಸಲ "ಆದೆಯಾ" ಎಂದೇ ಓದಿದ, ಮೇಷ್ಟ್ರು ಹೇಳಿದ ಹಾಗೇ. ಪುಸ್ತಕ ಮುಚ್ಚಿಸಿ, ತಂಗಿಯ ಮುಖ ನೋಡಿಕೊಂಡು ಹೇಳು ಅಂದೆ. ಆಗ "ಆದ್ಯಾ?" ಅಂತ ಬಂತು. ಕೋಪನಾ ಅಂತ ಕೇಳಿದ್ದಳಲ್ಲ, ಆ ಹುಡುಗಿಗೆ ಈಗ ತಂಗಿಯ ಪಾತ್ರ. ಅವಳು ಮಾತ್ರ ಒಂದು ಹೊಸ ತಕರಾರು ತೆಗೆದಿದ್ದಾಳೆ. ಅವರ ಮನೆಯಲ್ಲಿ ಯಾರೂ ‘ಕಣೋ’ ಅನ್ನುವುದಿಲ್ಲವಂತೆ, ಅದು ಮೈಸೂರು ಕಡೆಯವರ ಮಾತಂತೆ. ‘ಹೂಂ’ ಆದ ಮೇಲೆ ಅಲ್ಲಿ ಏನು ಇಡಲಿ?